ಪಂಚನಮಸ್ಕಾರದಲ್ಲಿ ಧಕಾರದ ಮೂರು ಗತಿಗಳು

ಮಂಡ್ಯ ಜಿಲ್ಲೆಯ ಜೈನ ನೆಲೆಗಳಲ್ಲಿ ಮದ್ದೂರು ತಾಲ್ಲೂಕಿನ ಆರೆತಿಪ್ಪೂರು ಪ್ರಸಿದ್ಧವಾದುದು. ಇಂಥ ನೆಲೆಗಳಲ್ಲೆಲ್ಲ ಪಠಿಸಲಾಗುವ ಪಂಚನಮಸ್ಕಾರ ಮಂತ್ರವು ಷಟ್ಖಂಡಾಗಮದ ಆದಿಮಂಗಲವೂ ಹೌದು. ಸಂಸ್ಕೃತದ ಧಕಾರವು ಪ್ರಾಕೃತದಲ್ಲಿ ಪಡೆಯುವ ಮೂರು ಗತಿಗಳನ್ನು ಇದರ ಮೂರು ಪದಗಳಲ್ಲಿಯೇ ಕಾಣಬಹುದು.

‘ಸಿದ್ಧ’ ಪದದಲ್ಲಿ ಧಕಾರದ ಹಿಂದೆ ಸವರ್ಗೀಯ ದಕಾರವಿರುವುದರಿಂದ ಅದು ಬದಲಾಗದೆ ಉಳಿಯುತ್ತದೆ. ‘ಸಾಧು’ ಪದದಲ್ಲಿ ಅದು ಎರಡು ಸ್ವರಗಳ ನಡುವೆ ಒಂಟಿಯಾಗಿದೆ. ಅಲ್ಲಿ ದಂತ್ಯಸ್ಪರ್ಶ ಸಡಿಲಗೊಂಡು ಮಹಾಪ್ರಾಣದ ಉಸಿರಷ್ಟೇ ಉಳಿದು ‘ಸಾಹು’ ಆಗುತ್ತದೆ. ‘ಉಪಾಧ್ಯಾಯ’ ಪದದಲ್ಲಿ ಧಕಾರದ ಮುಂದೆ ಯಕಾರವಿದೆ. ಅದರ ಸೆಳೆತದಿಂದ ‘ಧ್ಯ’ವು ತಾಲವ್ಯವಾದ ‘ಜ್ಝ’ ಆಗುತ್ತದೆ. ಸ್ವರಮಧ್ಯದ ಪಕಾರ ವಕಾರವಾಗಿ, ದ್ವಿತ್ವದ ಹಿಂದಿನ ‘ಆ’ ಹ್ರಸ್ವಗೊಂಡು ‘ಉವಜ್ಝಾಯ’ ಎಂಬ ರೂಪ ಸಿದ್ಧಿಸುತ್ತದೆ. ಹೀಗೆ ವ್ಯಂಜನ ಒಂದೇ ಆದರೂ ಪರಿಸರ ಬೇರೆಯಾದಂತೆ ಫಲವೂ ಬೇರೆಯಾಗುತ್ತದೆ.

ಹಳಗನ್ನಡದಲ್ಲಿ ಗುರು ಎಂಬ ಅರ್ಥವುಳ್ಳ ‘ಓಜ’ ಈ ಪ್ರಾಕೃತ ರೂಪದ ಮುಂದುವರಿಕೆ. ‘ಉವ’ ಕೂಡಿ ‘ಓ’ ಆಯಿತು. ‘ಜ್ಝ’ದ ದ್ವಿತ್ವವೂ ಮಹಾಪ್ರಾಣವೂ ಕಳೆದು ‘ಜ’ ಉಳಿಯಿತು. ಬೇಲೂರಿನಲ್ಲಿ ದುಡಿದ ಬಳ್ಳಿಗಾವೆಯ ಶಿಲ್ಪಿ ದಾಸೋಜನ ಹೆಸರಿನ ಕೊನೆಯಲ್ಲಿರುವುದೂ ಇದೇ ಪದ. ನಡುವಣ ಪ್ರಾಕೃತ ಹಂತವನ್ನು ಬಿಟ್ಟರೆ ‘ಧ್ಯ’ದ ಸ್ಥಾನಕ್ಕೆ ಜಕಾರ ಬಂದ ಬಗೆ ತಿಳಿಯದು.

ಆದರೆ ‘ಓಜಸ್ಸು’ ಶಬ್ದವೂ ಕನ್ನಡದಲ್ಲಿ ‘ಓಜ’ ಎಂಬ ರೂಪ ತಳೆಯಬಲ್ಲದು. ಧ್ವನಿನಿಯಮ ಸಾಧ್ಯತೆಯನ್ನು ತೋರಿಸುತ್ತದೆ. ಎರಡು ಮೂಲಗಳಲ್ಲಿ ಯಾವುದೆಂಬುದನ್ನು ಅರ್ಥವೇ ನಿರ್ಣಯಿಸಬೇಕು. ವ್ಯಕ್ತಿವಾಚಕವಾದಲ್ಲಿ ಮೂಲ ‘ಉಪಾಧ್ಯಾಯ’. ಕಾಂತಿ, ಬಲಗಳನ್ನು ಹೇಳುವಲ್ಲಿ ‘ಓಜಸ್ಸು’.