ಯಾವ ಸಂಪುಟ, ಯಾರು ಓದಿದ್ದು?

ಬೇಲೂರಿನ ಶಾಸನವೊಂದನ್ನು ಉಲ್ಲೇಖಿಸಬೇಕು. ಅದು ನಿಮಗೆ ಸಿಕ್ಕಿದ್ದು ಹೊಯ್ಸಳರ ಬಗೆಗಿನ ಒಂದು ಸಂಪಾದಿತ ಪುಸ್ತಕದಲ್ಲಿ. ಅಡಿಟಿಪ್ಪಣಿ ‘ಎಪಿಗ್ರಾಫಿಯಾ ಕರ್ನಾಟಿಕಾ, ಸಂಪುಟ 5’ ಎನ್ನುತ್ತದೆ. ಅದನ್ನೇ ನಕಲು ಮಾಡಿ ಗ್ರಂಥಋಣದಲ್ಲಿ ಸೇರಿಸುವವರು ಬಹಳ. ಇದು ಓದದ ಪುಸ್ತಕವನ್ನು ಓದಿದೆನೆಂದು ಹೇಳಿದಂತೆ.

ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಐದನೇ ಸಂಪುಟ ಹಾಸನ ಜಿಲ್ಲೆಯದು, ಬೇಲೂರು ಅದರಲ್ಲಿದೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಾದರೋ ಬೇಲೂರು ಒಂಬತ್ತನೇ ಸಂಪುಟಕ್ಕೆ ಹೋಗಿದೆ, ಐದನೆಯದರಲ್ಲಿ ಮೈಸೂರು ಸೀಮೆಯ ಶಾಸನಗಳಿವೆ. ಆವೃತ್ತಿ, ವರ್ಷ ಬರೆಯದೆ ‘ಸಂಪುಟ 5’ ಎಂದರೆ ಓದುಗರು ತಪ್ಪು ಪುಸ್ತಕ ತೆರೆಯುತ್ತಾರೆ. ಆದ್ದರಿಂದ ಬಹುಸಂಪುಟದ ಕೃತಿಯಲ್ಲಿ ನೀವು ಬಳಸಿದ ಸಂಪುಟದ ಸಂಖ್ಯೆ, ಆ ಸಂಪುಟದ್ದೇ ವರ್ಷ, ಆವೃತ್ತಿ ಮೂರೂ ಇರಲಿ. ಇಡೀ ಮಾಲೆಯನ್ನು ಬಳಸಿದ್ದರೆ ಮಾತ್ರ ಒಟ್ಟು ಸಂಪುಟಗಳ ಸಂಖ್ಯೆ ಸಾಕು.

ಮೂಲ ಸಂಪುಟ ಕೈಗೆ ಸಿಗಲೇ ಇಲ್ಲವೇ? ಎಪಿಎ ಶೈಲಿಯ ದಾರಿ ಸರಳ. ಬರಹದೊಳಗೆ ‘ರೈಸ್, 1902, ಇಂಥವರ ಲೇಖನದಲ್ಲಿ ಉಲ್ಲೇಖಿತ’ ಎಂದು ಇಬ್ಬರನ್ನೂ ಹೆಸರಿಸಿ, ಪಟ್ಟಿಯಲ್ಲಿ ನೀವು ಓದಿದ ಲೇಖನವನ್ನಷ್ಟೇ ಕೊಡಿ. ಆ ನಮೂದು ಲೇಖನ ಬರೆದವರ ಹೆಸರಿನಿಂದ ಶುರುವಾಗಬೇಕು, ಸಂಪಾದಕರ ಹೆಸರಿನಿಂದಲ್ಲ. ವರ್ಷ, ಲೇಖನದ ಶೀರ್ಷಿಕೆ, ಅನಂತರ ಸಂಪಾದಕರು, ಪುಸ್ತಕ, ಲೇಖನದ ಮೊದಲ ಮತ್ತು ಕೊನೆಯ ಪುಟ, ಪ್ರಕಾಶಕರು. ಸಂಪಾದಕರನ್ನೇ ಮುಂದಿಟ್ಟರೆ ಬರೆದವರ ಶ್ರಮ ಇನ್ನೊಬ್ಬರ ಖಾತೆಗೆ ಹೋಗುತ್ತದೆ. ನಮ್ಮ ಸಂಭಾವನಾ ಗ್ರಂಥಗಳ ಲೇಖಕರಿಗೆ ಈ ಅನ್ಯಾಯ ಆಗುತ್ತಲೇ ಇದೆ.