‘ಹಂಗೇ ಮೇಲೊಂದು ಮನೆ’ ಅಂದಾಗ ಏನು ಹೇಳಬೇಕು?

ಮನೆ ಪ್ಲಾನ್ ಬರೆದುಕೊಡುವವರ ಕಿವಿಗೆ ದಿನಕ್ಕೊಮ್ಮೆಯಾದರೂ ಬೀಳುವ ಪದ ‘ಹಂಗೇ’. ‘ಹಂಗೇ ಒಂದು ಕಿಟಕಿ ಹಾಕು’, ‘ಹಂಗೇ ದೇವರ ಮನೆ ಈ ಕಡೆ ತಿರುಗಿಸು’. ಕೇಳುವವರ ಮನಸ್ಸಿನಲ್ಲಿ ಮೋಸ ಇರುವುದಿಲ್ಲ. ಕಂಪ್ಯೂಟರ್‌ನಲ್ಲಿ ಗೆರೆ ಅಳಿಸಿ ಗೆರೆ ಎಳೆಯುವುದು ಎಷ್ಟು ಹೊತ್ತಿನ ಕೆಲಸ ಎಂದು ಅವರಿಗೆ ಗೊತ್ತಿರುವುದಿಲ್ಲ, ಅಷ್ಟೆ. ಗೊತ್ತು ಮಾಡಿಸಬೇಕಾದವರು ನಾವು. ದುಡ್ಡಿನ ಮಾತು ಎತ್ತಲು ಸಂಕೋಚ, ಅದಕ್ಕೇ ಸುಮ್ಮನಿರುತ್ತೇವೆ.

ನಾನು ಹಾಸನದಲ್ಲಿ ಸಿವಿಲ್ ಬಿಇ ಓದುತ್ತಿದ್ದೇನೆ. ಆಟೊಕ್ಯಾಡ್ ಕೈಗೆ ಕೂತ ಮೇಲೆ ಪರಿಚಯದವರ ಮನೆಗಳಿಗೆ ಪ್ಲಾನ್ ಬರೆದುಕೊಡಲು ಶುರು ಮಾಡಿದೆ. ಇದು ಮನೆಯವರೆಲ್ಲ ಕೂತು ಚರ್ಚೆ ಮಾಡಲು ಬೇಕಾಗುವ ಪ್ಲಾನ್ ಮಾತ್ರ. ಕಂಬ, ತೊಲೆ, ಕಬ್ಬಿಣದ ಲೆಕ್ಕದ ಡ್ರಾಯಿಂಗ್ ಆಗಲಿ, ಮಂಜೂರಾತಿಗೆ ಕೊಡುವ ಪ್ಲಾನ್ ಆಗಲಿ ನಾನು ಮಾಡುವುದಿಲ್ಲ. ಅದಕ್ಕೆ ಅರ್ಹ ಎಂಜಿನಿಯರ್ ಸಹಿ ಬೇಕು.

ಕಳೆದ ಸೆಮಿಸ್ಟರ್‌ನಲ್ಲಿ ಅಪ್ಪನ ಸ್ನೇಹಿತರಾದ ಒಬ್ಬ ನಿವೃತ್ತ ಮೇಷ್ಟ್ರು ತಮ್ಮ 30x40 ಸೈಟಿಗೆ ಪ್ಲಾನ್ ಕೇಳಿದರು. ಮಾತಾದ ದಿನವೇ ವಾಟ್ಸ್‌ಆ್ಯಪ್‌ನಲ್ಲಿ ಹೀಗೆ ಬರೆದು ಕಳಿಸಿದ್ದೆ: ‘ನೆಲಮಹಡಿಗೆ ಎರಡು ಬೆಡ್‌ರೂಮಿನ ಒಂದು ಪ್ಲಾನ್. ಮಂಚ, ಸೋಫಾ, ಬೀರು ಎಲ್ಲಿ ಬರುತ್ತದೆಂದು ತೋರಿಸುವ ಇನ್ನೊಂದು ಹಾಳೆ. ಎರಡು ಸಲ ತಿದ್ದುಪಡಿ. 5ನೇ ತಾರೀಕಿನಿಂದ 15ರವರೆಗೆ ಹತ್ತು ದಿನ. ಒಟ್ಟು 3,000 ರೂಪಾಯಿ, ಅರ್ಧ ಮುಂಗಡ. ಮೇಲಿನ ಮಹಡಿ, ಎಲಿವೇಶನ್, ಕಬ್ಬಿಣದ ಡ್ರಾಯಿಂಗ್ ಇದರಲ್ಲಿ ಸೇರಿಲ್ಲ.’ ಮೇಷ್ಟ್ರು ‘ಸರಿ’ ಎಂದು ಉತ್ತರಿಸಿದರು. ಈ ಕೆಲಸಕ್ಕೆ ನನ್ನ ಅಂದಾಜು ಹದಿನೈದು ಗಂಟೆ, ಅಂದರೆ ಗಂಟೆಗೆ 200 ರೂಪಾಯಿ.

ಆ ಸಂದೇಶದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಕೊನೆಯ ಸಾಲು. ಏನು ಮಾಡುತ್ತೇವೆ ಎಂದು ಎಲ್ಲರೂ ಬರೆಯುತ್ತಾರೆ. ಏನು ಸೇರಿಲ್ಲ ಎಂದೂ ಬರೆದಿಟ್ಟರೆ ಮುಂದೆ ‘ಅದೂ ಸೇರಿದೆ ಅಂದ್ಕೊಂಡಿದ್ದೆ’ ಎಂಬ ಮಾತಿಗೆ ಜಾಗ ಇರುವುದಿಲ್ಲ.

ಮೊದಲ ಕರಡು ನೋಡಿ ಮೇಷ್ಟ್ರು ಮೂರು ಬದಲಾವಣೆ ಹೇಳಿದರು. ಅಡುಗೆಮನೆ ಬಾಗಿಲು ಎದುರು ಗೋಡೆಗೆ ಹೋಗಬೇಕು, ದೇವರ ಮನೆ ಈಶಾನ್ಯಕ್ಕೆ ಬರಬೇಕು, ಬೆಡ್‌ರೂಮಿಗೆ ಇನ್ನೊಂದು ಕಿಟಕಿ ಬೇಕು. ಇವೆಲ್ಲ ಒಪ್ಪಿದ ಹಾಳೆಯೊಳಗಿನ ತಿದ್ದುಪಡಿಗಳು, ಮಾಡಿಕೊಟ್ಟೆ. 11ನೇ ತಾರೀಕು ಮತ್ತೆ ಫೋನ್ ಬಂತು. ‘ಚೆನ್ನಾಗೈತೆ ಕಣಪ್ಪಾ. ಹಂಗೇ ಮೇಲೊಂದು ಮನೆ ಹಾಕ್ಬಿಡು, ಬಾಡಿಗೆಗೆ ಕೊಡೋಣ ಅಂತ. ಕೆಳಗಿಂದೇ ಕಾಪಿ ತಾನೆ?’

ಫೋನಿನಲ್ಲೇ ‘ಆಯ್ತು’ ಎಂದರೆ ಕೆಲಸ ಒಪ್ಪಿದಂತೆ, ‘ಆಗಲ್ಲ’ ಎಂದರೆ ಅಪ್ಪನ ಸ್ನೇಹಿತರಿಗೆ ಮುಖ ತಿರುಗಿಸಿದಂತೆ. ಎರಡೂ ಬೇಡವೆಂದು ‘ಸರ್, ಅದು ಕೆಳಗಿನ ಪ್ಲಾನನ್ನೂ ಬದಲಾಯಿಸುತ್ತೆ. ಎಷ್ಟು ಕೆಲಸ ಅಂತ ನೋಡಿ ನಾಳೆ ಸಂಜೆ ಹೇಳ್ತೀನಿ’ ಎಂದೆ. ಅಲ್ಲಿಯವರೆಗೆ ಫೈಲಿನಲ್ಲಿ ಒಂದು ಗೆರೆಯನ್ನೂ ಸೇರಿಸಲಿಲ್ಲ. ಹೆಚ್ಚುವರಿ ಕೆಲಸಕ್ಕೆ ಕೈ ಹಾಕಿದ ಮೇಲೆ ದುಡ್ಡು ಕೇಳಿದರೆ ಎದುರಿಗಿರುವವರಿಗೆ ಬೇಡ ಎನ್ನುವ ಅವಕಾಶವೇ ಇರುವುದಿಲ್ಲ. ಆಗ ಅದು ಕಟ್ಟಿಹಾಕಿ ವಸೂಲಿ ಮಾಡಿದಂತೆ ಕಾಣುತ್ತದೆ.

ಮೇಲಿನ ಮನೆ ಏಕೆ ಕಾಪಿ ಅಲ್ಲ? ಮೊದಲ ಕಾರಣ ಮೆಟ್ಟಿಲು. ಮೂಲ ಪ್ಲಾನಿನಲ್ಲಿ ನೀರಿನ ಟ್ಯಾಂಕ್ ನೋಡಲು ಹಿಂಭಾಗದಲ್ಲಿ ಒಂದು ಕಬ್ಬಿಣದ ಸುರುಳಿ ಮೆಟ್ಟಿಲು ಮಾತ್ರ ಇತ್ತು. ಬಾಡಿಗೆಯವರು ದಿನವೂ ಅದರಲ್ಲಿ ಹತ್ತಿ ಇಳಿಯಲಾಗದು, ಮಾಲೀಕರ ಹಾಲ್ ಮೂಲಕವೂ ಹೋಗಲಾಗದು. ಗೇಟಿನ ಕಡೆಯಿಂದ ಪ್ರತ್ಯೇಕ ಮೆಟ್ಟಿಲು ಬೇಕು. ಮಹಡಿಯಿಂದ ಮಹಡಿಗೆ ಹತ್ತು ಅಡಿ, ಒಂದು ಮೆಟ್ಟಿಲಿನ ಎತ್ತರ ಆರು ಇಂಚು ಎಂದರೆ ಇಪ್ಪತ್ತು ಏರು. ನಡುವೆ ತಿರುವು ಕೊಟ್ಟು ಹತ್ತು ಹತ್ತಾಗಿ ಒಡೆದರೆ ಪ್ರತಿ ಸಾಲಿಗೂ ಕಾಲಿಡುವ ಒಂಬತ್ತು ಹಲಗೆ ಬರುತ್ತವೆ. ಹಲಗೆ ಹತ್ತು ಇಂಚು ಅಗಲವಿದ್ದರೆ ಏಳೂವರೆ ಅಡಿ, ತಿರುವಿನ ಕಟ್ಟೆಗೆ ಮೂರು ಅಡಿ, ಒಟ್ಟು ಹತ್ತೂವರೆ ಅಡಿ ಉದ್ದ. ಮೂರು ಅಡಿಯ ಎರಡು ಸಾಲು ಅಕ್ಕಪಕ್ಕ ಬಂದರೆ ಆರು ಅಡಿ ಅಗಲ. ಅಂದರೆ 63 ಚದರ ಅಡಿ, ಒಂದು ಸಣ್ಣ ಅಡುಗೆಮನೆಯಷ್ಟು ಜಾಗ! 30x40 ಸೈಟಿನಲ್ಲಿ ಅಷ್ಟು ಜಾಗ ಮುಂಭಾಗದಿಂದ ಹೋದರೆ ಕಾರು ನಿಲ್ಲಿಸುವ ಜಾಗ ಹಿಂದಕ್ಕೆ ಸರಿಯುತ್ತದೆ, ಹಾಲ್ ಕುಗ್ಗುತ್ತದೆ. ಮೇಷ್ಟ್ರು ಆಗಲೇ ಒಪ್ಪಿದ್ದ ಹಾಲ್ ಅದು.

ಎರಡನೆಯ ಕಾರಣ ನೀರು. ಮೇಲಿನ ಬಚ್ಚಲು, ಶೌಚಾಲಯ ಕೆಳಗಿನವುಗಳ ಮೇಲೆಯೇ ಬಂದರೆ ಪೈಪು ನೇರ ಇಳಿಯುತ್ತದೆ. ಇಲ್ಲದಿದ್ದರೆ ಕೆಳಗಿನ ಬೆಡ್‌ರೂಮಿನ ಸೂರಿನಡಿ ಪೈಪು ಹಾಯುತ್ತದೆ. ಮೇಲಿನ ಕೋಣೆಗಳನ್ನು ಈ ಲೆಕ್ಕದಲ್ಲಿ ಕೂರಿಸಬೇಕು.

ತಿದ್ದುಪಡಿ ಯಾವುದು, ಹೆಚ್ಚುವರಿ ಕೆಲಸ ಯಾವುದು ಎಂದು ತಿಳಿಯಲು ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಒಪ್ಪಿದ ಪಟ್ಟಿಯಲ್ಲಿ ಇಲ್ಲದ ಹೊಸ ಹಾಳೆ ಬೇಕೆ? ಅವರೇ ಒಪ್ಪಿ ಮುಗಿದ ಭಾಗವನ್ನು ಬಿಚ್ಚಿ ಮತ್ತೆ ಮಾಡಬೇಕೆ? ಎರಡಕ್ಕೂ ‘ಇಲ್ಲ’ ಎಂದಾದರೆ ಅದು ತಿದ್ದುಪಡಿ, ಅದಕ್ಕೆ ದುಡ್ಡು ಕೇಳುವುದು ತಪ್ಪು. ಒಂದಕ್ಕಾದರೂ ‘ಹೌದು’ ಎಂದಾದರೆ ಹೆಚ್ಚುವರಿ. ಆದರೆ ಬದಲಾವಣೆಗೆ ಕಾರಣ ನಮ್ಮ ಅಳತೆಯೇ ತಪ್ಪಿರುವುದಾದರೆ ಎಷ್ಟು ಗಂಟೆಯಾದರೂ ಪುಕ್ಕಟೆ ಸರಿಪಡಿಸಬೇಕು. ಮೇಲಿನ ಮನೆಯ ವಿಷಯದಲ್ಲಿ ಎರಡಕ್ಕೂ ಉತ್ತರ ‘ಹೌದು’. ಮೆಟ್ಟಿಲಿಗೆ ಜಾಗ ಮಾಡಿ ಕೆಳಗಿನದನ್ನು ಸರಿಹೊಂದಿಸಲು ಮೂರು ಗಂಟೆ, ಮೇಲಿನ ಮಹಡಿಗೆ ಐದು, ಎರಡನ್ನೂ ಹೊಂದಿಸಿ ನೋಡಲು ಒಂದು. ಒಂಬತ್ತು ಗಂಟೆಗೆ ಹಳೆಯ ದರದಲ್ಲೇ 1,800 ರೂಪಾಯಿ. ದರ ಬದಲಿಸದಿರುವುದು ಮುಖ್ಯ. ಮೊದಲು 200, ಈಗ 300 ಎಂದರೆ ಅವರ ಅಗತ್ಯ ನೋಡಿ ಬೆಲೆ ಏರಿಸಿದಂತಾಗುತ್ತದೆ.

ಮರುದಿನ ಸಂಜೆ ಕಳಿಸಿದ ಸಂದೇಶ ಇದು: ‘ಸರ್, ಮೇಲಿನ ಮನೆ ಮಾಡಬಹುದು. ಮೂರು ದಾರಿ ಇವೆ. ಒಂದು, ಈಗಿನ ಪ್ಲಾನನ್ನೇ ಮುಗಿಸಿ 15ಕ್ಕೆ ಕೊಡುತ್ತೇನೆ, ಒಪ್ಪಿದ 3,000 ಅಷ್ಟೆ. ಎರಡು, ಮೆಟ್ಟಿಲು ಮತ್ತು ಮೇಲಿನ ಮನೆ ಸೇರಿಸಿದರೆ 1,800 ಹೆಚ್ಚು, ನನಗೆ ಇಂಟರ್ನಲ್ಸ್ ಇರುವುದರಿಂದ 22ಕ್ಕೆ ಸಿಗುತ್ತದೆ. ಮೂರು, ಮೇಲಿನ ಮನೆ ಈಗ ಬೇಡ, ಮುಂದೆ ಕಟ್ಟಲು ಮೆಟ್ಟಿಲಿನ ಜಾಗ ಮಾತ್ರ ಬಿಡೋಣ ಎಂದರೆ ಮಂಚ, ಸೋಫಾ ತೋರಿಸುವ ಹಾಳೆ ಕೈಬಿಟ್ಟು ಅದೇ ದುಡ್ಡಿಗೆ, ಅದೇ 15ಕ್ಕೆ ಮಾಡಿಕೊಡುತ್ತೇನೆ. ಯಾವುದು ಎಂದು ತಿಳಿಸಿದ ಮೇಲೆ ಮುಂದುವರಿಸುತ್ತೇನೆ.’ ಕೈಬಿಡುವ ಹಾಳೆಯ ಕೆಲಸವೂ ಸುಮಾರು ಮೂರು ಗಂಟೆಯದು, ಹಾಗಾಗಿ ಅದಲುಬದಲು ಸರಿಹೋಗುತ್ತಿತ್ತು.

ಉತ್ತರ ಬರಲಿಲ್ಲ, ಫೋನ್ ಬಂತು. ‘ಏನಪ್ಪಾ, ನಾಲ್ಕು ಗೆರೆಗೆ ಸಾವಿರದೆಂಟುನೂರಾ? ನಿಮ್ಮಪ್ಪನ್ನ ಕೇಳ್ಲಾ?’ ದನಿಯಲ್ಲಿ ಅರ್ಧ ತಮಾಷೆ, ಅರ್ಧ ಬೇಸರ. ನನಗೂ ಎದೆ ಡವಗುಟ್ಟಿತು. ಉಳಿದ 1,500 ರೂಪಾಯಿ ಪರೀಕ್ಷಾ ಶುಲ್ಕಕ್ಕೆ ಬೇಕಿತ್ತು, ಅದಕ್ಕಿಂತ ಹೆಚ್ಚಾಗಿ ಅಪ್ಪನ ಮುಖ ನೆನಪಾಯಿತು. ವಾದ ಮಾಡದೆ ‘ಸರ್, ಬಂದು ತೋರಿಸ್ತೀನಿ’ ಎಂದು ಪ್ಲಾನಿನ ಪ್ರಿಂಟ್ ಹಿಡಿದು ಅವರ ಮನೆಗೆ ಹೋದೆ. ಹಾಳೆಯ ಅಳತೆಯಲ್ಲಿ ಆರು ಅಡಿಗೆ ಹತ್ತೂವರೆ ಅಡಿಯ ಒಂದು ಕಾಗದದ ತುಂಡು ಕತ್ತರಿಸಿಕೊಂಡಿದ್ದೆ. ‘ಮೆಟ್ಟಿಲು ಇಷ್ಟು ಜಾಗ ತಿನ್ನುತ್ತೆ ಸರ್. ಎಲ್ಲಿ ಇಡೋಣ ಹೇಳಿ’ ಎಂದೆ. ಅವರು ಅದನ್ನು ಕಾರಿನ ಜಾಗದಲ್ಲಿ ಇಟ್ಟರು, ಹಾಲ್‌ನಲ್ಲಿ ಇಟ್ಟರು, ಪಕ್ಕಕ್ಕೆ ತಳ್ಳಿದರು. ಸ್ವಲ್ಪ ಹೊತ್ತಾದ ಮೇಲೆ ಹೆಂಡತಿಯನ್ನು ಕರೆದು ತೋರಿಸಿದರು. ದುಡ್ಡಿನ ಚರ್ಚೆ ಅಲ್ಲಿಗೆ ನಿಂತು ಮನೆಯ ಚರ್ಚೆ ಶುರುವಾಯಿತು. ‘ಹಾಲ್ ಚಿಕ್ಕದಾದ್ರೆ ಹೆಂಗೆ? ಮೇಲೆ ಕಟ್ಟೋಕೆ ಸಾಲ ಬೇರೆ ಆಗ್ಬೇಕಲ್ವಾ?’ ಎಂದು ಅವರ ಹೆಂಡತಿ ಕೇಳಿದರು.

ಹೆಚ್ಚುವರಿ ದುಡ್ಡು ಮತ್ತು ದಿನ ಹೇಳುವುದರಿಂದ ಕೆಲಸ ಮಾಡುವವನಿಗೆ ಮಾತ್ರ ಲಾಭ ಎಂದುಕೊಳ್ಳುತ್ತೇವೆ. ಪುಕ್ಕಟೆ ಎಂದಿದ್ದರೆ ಮೇಲಿನ ಮನೆ ನಿಜವಾಗಿ ಬೇಕೇ ಎಂದು ಮೇಷ್ಟ್ರು ಯೋಚಿಸುತ್ತಲೇ ಇರಲಿಲ್ಲ. ಬದಲಾವಣೆ ಎಷ್ಟು ದೊಡ್ಡದು ಎಂದು ಅವರಿಗೆ ತಿಳಿದದ್ದೇ ಅದರ ಬೆಲೆ ಕೇಳಿದ ಮೇಲೆ. ಅವರು ಮೂರನೆಯ ದಾರಿ ಆರಿಸಿಕೊಂಡರು. ಹಾಲ್ ಅನ್ನು ಎಷ್ಟು ಕುಗ್ಗಿಸಬಹುದು ಎಂದು ಅಲ್ಲೇ ಕೂತು ತೀರ್ಮಾನಿಸಿದೆವು. ಮನೆಗೆ ಬಂದು ಅದನ್ನೇ ಬರೆದು ಕಳಿಸಿ, ಅವರ ‘ಸರಿ’ ಬಂದ ಮೇಲೆ ಫೈಲ್ ತೆರೆದೆ.

ದೊಡ್ಡ ಕಾಮಗಾರಿಗಳಲ್ಲೂ ನಡೆಯುವುದು ಇದೇ. ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆ ಷರತ್ತುಗಳ 12ನೇ ಕಲಂ ಕೆಲಸದ ಬದಲಾವಣೆ ಮತ್ತು ಅದರ ದರದ ಬಗ್ಗೆಯೇ ಇದೆ. ಅಂತರರಾಷ್ಟ್ರೀಯ ಕಾಮಗಾರಿಗಳಲ್ಲಿ ಬಳಸುವ ಫಿಡಿಕ್ ಒಪ್ಪಂದದಲ್ಲಿ 13ನೇ ಕಲಂ. ಕೋಟಿಗಟ್ಟಲೆ ಕೆಲಸ ಮಾಡುವವರು ಬದಲಾವಣೆ ಬಂದೇ ಬರುತ್ತದೆ ಎಂದು ಮೊದಲೇ ಬರೆದಿಟ್ಟುಕೊಳ್ಳುತ್ತಾರೆ. ಹಾಗಾಗಿ ಬದಲಾವಣೆ ಬಂದಾಗ ಯಾರಿಗೂ ಅವಮಾನ ಆಗುವುದಿಲ್ಲ.

ಬರೆದಿಡದೆ ಮಾಡಿದ ಕೆಲಸಕ್ಕೆ ಕಾನೂನಿನ ಆಸರೆ ಇಲ್ಲವೇ ಎಂದರೆ, ಇದೆ. ಪುಕ್ಕಟೆ ಎಂಬ ಉದ್ದೇಶವಿಲ್ಲದೆ ಒಬ್ಬರು ಮಾಡಿದ ಕೆಲಸದ ಲಾಭ ಪಡೆದವರು ಅದಕ್ಕೆ ಪರಿಹಾರ ಕೊಡಬೇಕು ಎಂದು ಭಾರತೀಯ ಒಪ್ಪಂದ ಕಾಯ್ದೆ, 1872ರ 70ನೇ ಸೆಕ್ಷನ್ ಹೇಳುತ್ತದೆ. ಆದರೆ 1,800 ರೂಪಾಯಿಗೆ ಯಾರೂ ಕೋರ್ಟಿಗೆ ಹೋಗುವುದಿಲ್ಲ. ಸುಮ್ಮನೆ ಮಾಡಿಕೊಟ್ಟ ಮೇಲೆ ‘ಇದು ಪುಕ್ಕಟೆ ಅಂದ್ಕೊಂಡು ಮಾಡಿದ್ದಲ್ಲ’ ಎಂದು ತೋರಿಸುವುದೂ ಕಷ್ಟ. ಮೊದಲೇ ಕಳಿಸಿದ ಒಂದು ಸಂದೇಶ ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮೂರು ದಾರಿ ಕೊಟ್ಟಮೇಲೂ ‘ಅದೇ ದುಡ್ಡಿಗೆ, ಅದೇ ದಿನಕ್ಕೆ ಎಲ್ಲವೂ ಬೇಕು’ ಎನ್ನುವವರು ಸಿಗಬಹುದು. ಅವರಿಗೆ ಒಪ್ಪಿದಷ್ಟನ್ನು ಒಪ್ಪಿದ ದಿನಕ್ಕೆ ಚೊಕ್ಕಟವಾಗಿ ಕೊಟ್ಟು, ಬಾಕಿ ಪಡೆದು, ನಮಸ್ಕಾರ ಹೇಳುವುದೇ ಸರಿ. ಹೊಸದಾಗಿ ಪ್ಲಾನ್ ಕೇಳಿ ಬರುವವರಿಗೆ ಕಳಿಸುವ ಸಂದೇಶದಲ್ಲಿ ನಾನು ಈಗ ಒಂದು ಸಾಲು ಹೆಚ್ಚು ಬರೆಯುತ್ತೇನೆ: ‘ಪಟ್ಟಿಯಲ್ಲಿ ಇಲ್ಲದ್ದು ಬೇಕಾದರೆ ಗಂಟೆಗೆ 200 ರೂಪಾಯಿ. ಎಷ್ಟು ಗಂಟೆ, ಎಷ್ಟು ದಿನ ಎಂದು ಮೊದಲೇ ಹೇಳಿ, ನೀವು ಒಪ್ಪಿದ ಮೇಲೆಯೇ ಶುರು ಮಾಡುತ್ತೇನೆ.’