ಗರ್ಬಾಕ್ಕೆ ಮುಂಚೆ ಕೈಕಾಲಿನ ಕೂದಲು: ವ್ಯಾಕ್ಸೋ, ಬ್ಲೇಡೋ?

ನವರಾತ್ರಿ ಹತ್ತಿರ ಬಂದರೆ ನಮ್ಮ ಮನೆಗಳಲ್ಲಿ ಅಮ್ಮಂದಿರು ಅಟ್ಟದಿಂದ ಗೊಂಬೆಗಳನ್ನು ಇಳಿಸುತ್ತಾರೆ. ನೀವು ಚನಿಯಾ ಚೋಳಿ ಕೊಳ್ಳಲು ಲಾ ಗಾರ್ಡನ್ನಿಗೆ ಓಡುತ್ತೀರಿ. ಅದಾದ ಮೇಲೆ ಮುಂದಿನ ಓಟ ಬ್ಯೂಟಿ ಪಾರ್ಲರಿಗೆ. ಈ ಎರಡನೆಯ ಓಟದ ಬಗ್ಗೆ ನಿಮ್ಮೊಡನೆ ನಾಲ್ಕು ಮಾತಾಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ನಮ್ಮ ಕಾಲದಲ್ಲಿ ಕಡಲೆಹಿಟ್ಟು, ಅರಿಸಿನ ಹಚ್ಚಿ ಉಜ್ಜುವುದೇ ಎಲ್ಲದಕ್ಕೂ ಉತ್ತರ. ಅದರಿಂದ ಕೂದಲೇನೂ ಹೋಗುತ್ತಿರಲಿಲ್ಲ, ಬಚ್ಚಲು ಮಾತ್ರ ಹಳದಿಯಾಗುತ್ತಿತ್ತು!

ನನ್ನ ತಂಗಿಯ ಮಗಳು ಇಲ್ಲೇ ನಮ್ಮ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಾಳೆ. 2024ರಲ್ಲಿ ನವರಾತ್ರಿ ಅಕ್ಟೋಬರ್ 3ಕ್ಕೆ ಶುರುವಾಯಿತು. ಅವತ್ತೇ ಮಧ್ಯಾಹ್ನ ಅವಳು ಜೀವನದಲ್ಲಿ ಮೊದಲ ಸಲ ಕೈಕಾಲಿಗೆ ಪೂರ್ತಿ ವ್ಯಾಕ್ಸ್ ಮಾಡಿಸಿಕೊಂಡು ಬಂದಳು. ರಾತ್ರಿ ಭಾರವಾದ ಘಾಗ್ರಾ ತೊಟ್ಟು ನಾಲ್ಕು ಗಂಟೆ ಗರ್ಬಾ ಆಡಿದಳು. ಮೂರನೆಯ ದಿನ ಬೆಳಿಗ್ಗೆ, "ದೊಡ್ಡಮ್ಮಾ, ಇದೇನು ನೋಡಿ" ಎಂದು ಕಾಲು ತೋರಿಸಿದಳು. ಮೀನಖಂಡದ ತುಂಬ ಕೆಂಪು ಗುಳ್ಳೆಗಳು. ಪ್ರತಿ ಗುಳ್ಳೆಯೂ ಒಂದೊಂದು ಕೂದಲ ಬುಡದ ಮೇಲೆ ಕೂತಿತ್ತು. ಕೆಲವದರ ತುದಿಯಲ್ಲಿ ಬಿಳಿ ಕೀವು.

ಚರ್ಮದ ವೈದ್ಯರು ಇದನ್ನು ಫಾಲಿಕ್ಯುಲೈಟಿಸ್ ಎಂದರು, ಅಂದರೆ ರೋಮಕೂಪದ ಉರಿಯೂತ. ಇದು ಆಗುವ ಬಗೆ ಹೀಗೆ. ವ್ಯಾಕ್ಸ್ ಕೂದಲನ್ನು ಬುಡಸಮೇತ ಕೀಳುತ್ತದೆ. ಆಮೇಲೆ ಒಂದೆರಡು ದಿನ ಆ ಸಣ್ಣ ರಂಧ್ರಗಳು ತೆರೆದ ಗಾಯದ ಹಾಗೆಯೇ. ಆ ಹೊತ್ತಿನಲ್ಲಿ ಬೆವರು, ಧೂಳು, ಒಳಲಂಗದ ನೈಲಾನ್ ತಿಕ್ಕಾಟ ಎಲ್ಲ ಸೇರಿದರೆ ಚರ್ಮದ ಮೇಲೆ ಸದಾ ಇರುವ ಕ್ರಿಮಿಗಳೇ ಒಳಗೆ ಇಳಿಯುತ್ತವೆ. ಗುಳ್ಳೆ ಹತ್ತು ದಿನದಲ್ಲಿ ಮುಲಾಮಿಗೆ ಬಗ್ಗಿತು. ಆದರೆ ಕಪ್ಪು ಚುಕ್ಕೆಗಳು ಉತ್ತರಾಯಣದ ಗಾಳಿಪಟದ ಹೊತ್ತಿಗೂ ಪೂರ್ತಿ ಹೋಗಿರಲಿಲ್ಲ. ನಮ್ಮ ಗೋಧಿ ಬಣ್ಣದ, ಕಂದು ಬಣ್ಣದ ಚರ್ಮದ ಗುಣವೇ ಅದು. ಎಲ್ಲಿ ಉರಿದರೂ ಅಲ್ಲಿ ಕಲೆ ಬಿಡುತ್ತದೆ. ಮೂರು ವಾರದಲ್ಲಿ ಮತ್ತೆ ಬರುವ ಕೂದಲಿಗಾಗಿ ಮೂರು ತಿಂಗಳ ಕಲೆ ಕೊಂಡುಕೊಂಡ ಹಾಗಾಯಿತು. ಅವಳು ಆ ವರ್ಷ ಉಳಿದ ರಾತ್ರಿಗಳೆಲ್ಲ ಮನೆಯಲ್ಲಿ ನನ್ನ ಗೊಂಬೆಗಳನ್ನು ಕಾಯುತ್ತ ಕೂತಳು.

ಮುಂದಿನ ವರ್ಷ ಇಬ್ಬರೂ ಕೂತು ಮೊದಲೇ ಲೆಕ್ಕ ಹಾಕಿದೆವು. 2025ರ ನವರಾತ್ರಿ ಸೆಪ್ಟೆಂಬರ್ 22ಕ್ಕೆ ಶುರು. ವ್ಯಾಕ್ಸಿನ ನಂತರ ಕನಿಷ್ಠ ಎರಡು ದಿನ ಬಿಸಿನೀರಿನ ಸ್ನಾನ, ಬಿಗಿ ಬಟ್ಟೆ, ಬಿಸಿಲು, ಸೆಂಟು, ಬೆವರು ಸುರಿಯುವ ಕೆಲಸ ಯಾವುದೂ ಬೇಡ. ಮೊದಲ ಬಾರಿಯ ಪೆಟ್ಟು ತಿಂದ ಚರ್ಮವಾದ್ದರಿಂದ ನಾವು ನಾಲ್ಕು ದಿನ ಬಿಟ್ಟುಕೊಂಡು ಸೆಪ್ಟೆಂಬರ್ 18 ಎಂದು ಗೊತ್ತುಮಾಡಿದೆವು. ಅದಕ್ಕೂ ಮುಂಚೆ ಆಗಸ್ಟ್ ನಡುವಿನಲ್ಲಿ ಒಂದು ಕಾಲಿನ ಅಂಗೈಯಗಲದ ಜಾಗಕ್ಕೆ ಮಾತ್ರ ವ್ಯಾಕ್ಸ್ ಮಾಡಿಸಿ ನೋಡಿದೆವು. ಸ್ವಲ್ಪ ಕೆಂಪಾಗಿ ಮರುದಿನ ಇಳಿದರೆ ಅದು ಸಹಜ. ಎರಡನೆಯ, ಮೂರನೆಯ ದಿನ ಗುಳ್ಳೆ ಹೆಚ್ಚಾಗುತ್ತಾ ಹೋದರೆ ಆ ಚರ್ಮಕ್ಕೆ ವ್ಯಾಕ್ಸ್ ಒಗ್ಗುವುದಿಲ್ಲ ಎಂದು ತಿಳಿಯಬೇಕು. ಅವಳಿಗೆ ಇಳಿಯಿತು. ಹಾಗಾದರೆ ತಪ್ಪು ವ್ಯಾಕ್ಸಿನದಲ್ಲ, ಆರಿಸಿಕೊಂಡ ದಿನದ್ದು.

ಕೂದಲು ಸುಮಾರು ಕಾಲು ಅಂಗುಲ ಬೆಳೆದಿರಬೇಕು. ಗಿಡ್ಡವಾಗಿದ್ದರೆ ಪಟ್ಟಿಗೆ ಸಿಗದೆ ನಡುವೆ ತುಂಡಾಗುತ್ತದೆ. ಹಾಗೆ ತುಂಡಾದದ್ದೇ ಆಮೇಲೆ ಚರ್ಮದೊಳಗೆ ಸುರುಳಿ ಸುತ್ತಿಕೊಂಡು ಬೆಳೆಯುವುದು. ಕೂದಲು ಬೆಳೆಯುವ ದಿಕ್ಕಿಗೆ ವ್ಯಾಕ್ಸ್ ಸವರಿ, ಎದುರು ದಿಕ್ಕಿಗೆ, ಚರ್ಮಕ್ಕೆ ಒತ್ತಿಕೊಂಡಂತೆ ಎಳೆಯಬೇಕು, ಮೇಲಕ್ಕೆ ಎತ್ತಿ ಎಳೆಯಬಾರದು. ಒಂದೇ ಜಾಗವನ್ನು ಎರಡನೆಯ ಸಲ, ಮೂರನೆಯ ಸಲ ಎಳೆಯಹೊರಟರೆ ಬೇಡ ಎನ್ನಿ. ನಾಚಿಕೆ ಬೇಡ. ಮೈಗೆ ಮುಟ್ಟಿಸಿದ ಚಮಚವನ್ನೇ ಮತ್ತೆ ಡಬ್ಬಿಗೆ ಅದ್ದಿದರೂ ಹಾಗೆಯೇ.

ಅವಳ ತೋಳಿನ ಕತೆ ಬೇರೆ. ಭುಜದ ಕೆಳಗೆ ಹಿಂಬದಿಯಲ್ಲಿ ಉಪ್ಪುಕಾಗದದಂತೆ ತರಿತರಿ. ಕೆರಟೋಸಿಸ್ ಪಿಲಾರಿಸ್ ಎಂಬ ಈ ಗುಣ ನಿಮ್ಮಲ್ಲಿ ಎಷ್ಟೋ ಮಂದಿಗಿದೆ. ರೋಮಕೂಪದ ಬಾಯಿ ಮೊದಲೇ ಕಟ್ಟಿಕೊಂಡಿರುವ ಇಂಥ ಕಡೆ ಕಿತ್ತರೆ ಹೊಸ ಕೂದಲಿಗೆ ಹೊರಬರಲು ದಾರಿಯಿರುವುದಿಲ್ಲ. ಅಲ್ಲಿಗೆ ಟ್ರಿಮ್ಮರ್ ಸಾಕು. ಟ್ರಿಮ್ಮರ್ ಚರ್ಮದ ಮಟ್ಟಕ್ಕಿಂತ ಸ್ವಲ್ಪ ಮೇಲೇ ಕತ್ತರಿಸುವುದರಿಂದ ಗಾಯವೂ ಇಲ್ಲ, ಉರಿಯೂ ಇಲ್ಲ. ಮುಟ್ಟಿದರೆ ಒಂದಿಷ್ಟು ಚುಚ್ಚುತ್ತದೆ, ಅಷ್ಟೆ. ಗಂಡುಹುಡುಗರು ಇದನ್ನು ಓದಿ ನಗಬೇಡಿ. ಕ್ರಿಕೆಟ್ ಆಡಿ ಮಂಡಿಗೆ ಟೇಪ್ ಸುತ್ತುವವರಿಗೂ ಇದೇ ಸರಿ. ಕೂದಲ ಮೇಲೆ ಅಂಟಿಸಿದ ಟೇಪು ಕೀಳುವಾಗ ಆಗುವುದೂ ಒಂದು ಬಗೆಯ ವ್ಯಾಕ್ಸೇ, ಆದರೆ ಕೆಟ್ಟ ವ್ಯಾಕ್ಸ್.

ಇನ್ನು ರೇಜರ್. "ಬ್ಲೇಡು ಹಾಕಿದರೆ ಕೂದಲು ದಪ್ಪವಾಗುತ್ತದೆ" ಎಂದು ನಿಮ್ಮಮ್ಮ ಹೇಳಿದ್ದಾರೆ ತಾನೆ? ನಾನೂ ಹೇಳಿದ್ದೆ. ಮಿಲ್ಡ್ರೆಡ್ ಟ್ರಾಟರ್ ಎಂಬ ಅಮೆರಿಕದ ಅಂಗರಚನಾ ತಜ್ಞೆ 1928ರಲ್ಲೇ ಅಳೆದು ನೋಡಿ ಹಾಗಾಗುವುದಿಲ್ಲವೆಂದು ತೋರಿಸಿದ್ದಾರೆ. ಕೂದಲಿನ ಸಹಜ ತುದಿ ಚೂಪು. ಬ್ಲೇಡು ನಡುವೆ ಅಡ್ಡ ಕತ್ತರಿಸುವುದರಿಂದ ತುದಿ ಮೊಂಡಾಗಿ ಒರಟೆನಿಸುತ್ತದೆ, ಬುಡ ಮೊದಲಿದ್ದಷ್ಟೇ ಇರುತ್ತದೆ. ರೇಜರಿನ ನಿಜವಾದ ತೊಂದರೆ ಎಂದರೆ ಎರಡು ಮೂರು ದಿನಕ್ಕೇ ಮತ್ತೆ ಬೇಕಾಗುವುದು. ಹಾಸ್ಟೆಲಿನಲ್ಲಿದ್ದು ಸಮಯವೂ ದುಡ್ಡೂ ಕಡಿಮೆ ಇರುವವರಿಗೆ ಅದರಲ್ಲಿ ತಪ್ಪೇನಿಲ್ಲ. ಸ್ನಾನದ ಕೊನೆಯಲ್ಲಿ, ಕೂದಲು ನೆನೆದು ಮೆತ್ತಗಾದ ಮೇಲೆ, ಸೋಪಿನ ನೊರೆ ಹಚ್ಚಿ, ಬೆಳೆಯುವ ದಿಕ್ಕಿಗೇ, ಒತ್ತದೆ ಎಳೆಯಿರಿ. ಬ್ಲೇಡು ತಡೆಯುತ್ತಿದೆ ಅನ್ನಿಸಿದರೆ ಎಸೆಯಿರಿ. ಅಣ್ಣನ ರೇಜರ್ ಮಾತ್ರ ಕದಿಯಬೇಡಿ, ಒಬ್ಬರ ರಕ್ತದ ಸೋಂಕು ಇನ್ನೊಬ್ಬರಿಗೆ ಹೋಗಬಹುದು.

ಥ್ರೆಡಿಂಗ್ ಹುಬ್ಬಿಗೆ ಸರಿ. ಇಡೀ ಕಾಲಿಗೆ ದಾರ ಹಿಡಿದು ಕೂತರೆ ಮಾಡುವವರ ಬೆನ್ನೂ ಹೋಯಿತು, ನಿಮ್ಮ ಸಂಜೆಯೂ ಹೋಯಿತು. ಕಾಲ್ಬೆರಳು, ಕೈಬೆರಳ ಗಿಣ್ಣುಗಳ ಮೇಲೆ ಉಳಿದ ನಾಲ್ಕಾರು ಕೂದಲಿಗೆ ಆದೀತು.

ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವವರು ಇದನ್ನು ಮರೆಯಬೇಡಿ. ಆ ಮಾತ್ರೆಯಿಂದ ಚರ್ಮ ತೆಳುವಾಗಿ, ವ್ಯಾಕ್ಸಿನ ಪಟ್ಟಿಯ ಜೊತೆ ಮೇಲ್ಪದರವೇ ಕಿತ್ತು ಬರಬಹುದು. ನಿಲ್ಲಿಸಿದ ಮೇಲೂ ಸುಮಾರು ಆರು ತಿಂಗಳು ಬೇಡ ಎಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಪಾರ್ಲರಿನವರು ಕೇಳುವುದಿಲ್ಲ, ನೀವೇ ಹೇಳಬೇಕು. ಸಕ್ಕರೆ ಕಾಯಿಲೆ ಇದ್ದವರೂ ವೈದ್ಯರನ್ನು ಕೇಳದೆ ಕಾಲಿಗೆ ವ್ಯಾಕ್ಸ್ ಮಾಡಿಸಬಾರದು. ಗುಳ್ಳೆಯ ಸುತ್ತ ಕೆಂಪು ಹರಡಿ, ಮುಟ್ಟಿದರೆ ಬಿಸಿಯಾಗಿ, ಜ್ವರವೂ ಬಂದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿ.

ಸೆಪ್ಟೆಂಬರ್ 18ರಂದು ನನ್ನ ಮಗಳಂಥ ಆ ಹುಡುಗಿ ಕಾಲಿಗೆ ವ್ಯಾಕ್ಸ್ ಮಾಡಿಸಿಕೊಂಡಳು, ತೋಳಿಗೆ ಟ್ರಿಮ್ಮರ್ ಆಡಿಸಿದಳು. ನಾಲ್ಕು ದಿನ ಸಡಿಲ ಹತ್ತಿ ಪೈಜಾಮ ಹಾಕಿ ಓಡಾಡಿದಳು. ಘಾಗ್ರಾದ ಒಳಗೆ ನೈಲಾನ್ ಬದಲು ಹತ್ತಿಯ ಲಂಗ ಹೊಲಿಸಿಕೊಟ್ಟೆ, ಗರ್ಬಾದಿಂದ ಬಂದ ಕೂಡಲೇ ತಣ್ಣೀರಿನ ಸ್ನಾನ ಎಂದು ಕಟ್ಟಪ್ಪಣೆ ಮಾಡಿದೆ. ಒಂಬತ್ತು ರಾತ್ರಿಯೂ ಆಡಿದಳು. ಗೊಂಬೆ ಕಾಯುವ ಕೆಲಸ ಮತ್ತೆ ನನ್ನ ಪಾಲಿಗೇ ಬಂತು.